ಒಪ್ಪಿದ ಅಳತೆಗೆ ಬಾರದ ಮಾಲು: ಸಪ್ಲೈಯರ್‌ಗೆ ತಿರಸ್ಕಾರದ ನೋಟಿಸ್ ಬರೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಘಟಕದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಎಲ್ಲ ಉತ್ತರಗಳಿಗೂ ಒಂದೇ ಉದಾಹರಣೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಟರ್ನಿಂಗ್ ಘಟಕ ಶಾಫ್ಟ್ ಮಾಡಲು 2,000 ಕೆ.ಜಿ. ಇಎನ್8 ಎಂಬ ಮಧ್ಯಮ ಕಾರ್ಬನ್ ಉಕ್ಕಿನ ಬ್ರೈಟ್ ಬಾರ್‌ಗೆ ಖರೀದಿ ಆದೇಶ, ಅಂದರೆ ಪಿ.ಒ. ಕೊಟ್ಟಿದೆ ಎಂದಿಟ್ಟುಕೊಳ್ಳಿ. ವ್ಯಾಸ 25 ಮಿ.ಮೀ., ಉದ್ದ 3 ಮೀಟರ್, ಕಾರ್ಬನ್ 0.35ರಿಂದ 0.45 ಶೇಕಡಾ, ದರ ಕೆ.ಜಿ.ಗೆ 80 ರೂಪಾಯಿ. ಐದು ಬಂಡಲ್‌ಗಳಲ್ಲಿ 173 ಬಾರ್, 2,002 ಕೆ.ಜಿ. ಬಂತು. ಮೂರು ಬಂಡಲ್ ಸರಿಯಿದ್ದವು. ಉಳಿದ ಎರಡರಲ್ಲಿದ್ದದ್ದು ಕಾರ್ಬನ್ ಕಡಿಮೆ ಇರುವ ಮೈಲ್ಡ್ ಸ್ಟೀಲ್. ಹೊರಗಿನಿಂದ ನೋಡಿದರೆ ಎರಡಕ್ಕೂ ಒಂದೇ ಹೊಳಪು, ಮೈಕ್ರೋಮೀಟರ್ ಹಿಡಿದರೂ ಒಂದೇ ಅಳತೆ. ಅಂಗಡಿಯಲ್ಲಿ ಬಾರ್‌ನ ತುದಿಗೆ ಬಳಿದ ಬಣ್ಣ ಅಳಿಸಿಹೋದರೆ ಹೀಗೆ ಬೆರಕೆಯಾಗುವುದು ಸುಲಭ.

## ಶುರುವಿನ ಪ್ರಶ್ನೆಗಳು

ಫೋನ್‌ನಲ್ಲಿ ಹೇಳಿದ್ದೇವೆ, ವಾಟ್ಸ್ಯಾಪ್‌ನಲ್ಲಿ ಫೋಟೋನೂ ಹಾಕಿದ್ದೇವೆ. ಮತ್ತೆ ನೋಟಿಸ್ ಯಾಕೆ ಬೇಕು?

ಫೋನ್‌ನಲ್ಲಿ ಸಾಮಾನ್ಯವಾಗಿ ಹೇಳುವುದು “ಮಾಲು ಸರಿಯಿಲ್ಲ ಸಾರ್, ನೋಡಿ ಏನಾದ್ರೂ ಮಾಡಿ” ಎಂದು. ಅದು ದೂರು. ಮಾಲನ್ನು ಒಪ್ಪುತ್ತಿಲ್ಲ ಎಂಬ ತೀರ್ಮಾನ ಅದರಲ್ಲಿ ಇರುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 42ನೇ ಕಲಂ ಪ್ರಕಾರ, ತಿರಸ್ಕರಿಸಿದ್ದೇನೆ ಎಂದು ತಿಳಿಸದೆ ಸಮಂಜಸವಾದ ಅವಧಿ ಮೀರಿ ಮಾಲು ಇಟ್ಟುಕೊಂಡರೆ ಒಪ್ಪಿಕೊಂಡ ಹಾಗೆಯೇ. ಆರು ತಿಂಗಳ ನಂತರ ಸಪ್ಲೈಯರ್ ಬಾಕಿ ಹಣ ಕೇಳಿದಾಗ ನಿಮ್ಮ ಕೈಯಲ್ಲಿ ದಿನಾಂಕ ಇರುವ, “ತಿರಸ್ಕರಿಸಿದ್ದೇವೆ” ಎಂಬ ಪದ ಇರುವ ಒಂದು ಕಾಗದ ಬೇಕು.

ವಾಟ್ಸ್ಯಾಪ್ ಸಂದೇಶಕ್ಕೂ ಬೆಲೆಯಿದೆ, ಅಳಿಸಬೇಡಿ. ಆದರೆ ಕೋರ್ಟಿನಲ್ಲಿ ಅದನ್ನು ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅಡಿಯ ಪ್ರಮಾಣಪತ್ರ ಬೇಕಾಗುತ್ತದೆ. ಅದರ ಬದಲು ಅದೇ ವಿಷಯವನ್ನು ಪಿ.ಒ.ದಲ್ಲಿರುವ ಇಮೇಲ್ ವಿಳಾಸಕ್ಕೆ ಕಳಿಸಿ, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ, ತಲುಪಿದ ದಾಖಲೆಯನ್ನು ಫೈಲಿಗೆ ಸೇರಿಸಿದರೆ ತಂಟೆಯಿಲ್ಲ.

ಚಲನ್ ಮೇಲೆ ಸಹಿ ಮಾಡಿ ಸೀಲ್ ಹಾಕಿಬಿಟ್ಟಿದ್ದೇವೆ. ಮಾಲು ಒಪ್ಪಿಕೊಂಡ ಹಾಗಾಯ್ತಾ?

ಇಲ್ಲ. ಗೇಟಿನಲ್ಲಿ ಹಾಕಿದ ಸಹಿ ಮಾಲು ಒಳಗೆ ಬಂತು ಎನ್ನುವುದಕ್ಕೆ ಸಾಕ್ಷಿ, ಅಷ್ಟೇ. ಮುಂಚೆ ನೋಡದ ಮಾಲನ್ನು ಪರೀಕ್ಷಿಸಲು ಸಮಂಜಸವಾದ ಅವಕಾಶ ಸಿಗುವವರೆಗೆ ಕೊಂಡವನು ಒಪ್ಪಿಕೊಂಡ ಹಾಗೆ ಆಗುವುದಿಲ್ಲ ಎಂದು ಸರಕು ಮಾರಾಟ ಕಾಯ್ದೆಯ 41ನೇ ಕಲಂ ಹೇಳುತ್ತದೆ. ಆದರೂ “ಪರೀಕ್ಷೆಗೆ ಒಳಪಟ್ಟು ಸ್ವೀಕರಿಸಲಾಗಿದೆ” ಎಂದು ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿ ಸ್ಟೋರ್‌ನವರ ಕೈಗೆ ಕೊಡಿ. “ಗುಡ್ ಕಂಡಿಷನ್‌ನಲ್ಲಿ ಬಂದಿದೆ” ಎಂದು ಅಚ್ಚಾದ ಚಲನ್‌ಗೆ ಅವರು ಓದದೇ ಸಹಿ ಹಾಕುವುದು ಮಾಮೂಲು. ಮುಂದೆ ವಾದ ಹುಟ್ಟುವುದು ಅಲ್ಲಿಂದಲೇ.

ಎಷ್ಟು ದಿನದೊಳಗೆ ನೋಟಿಸ್ ಕೊಡಬೇಕು?

ಇಲ್ಲಿ ಎರಡು ಲೆಕ್ಕಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ.

ಮಾಲು ತಿರಸ್ಕರಿಸುವ ಹಕ್ಕಿಗೆ ಕಾಯ್ದೆ ಇಂತಿಷ್ಟೇ ದಿನ ಎಂದು ಹೇಳಿಲ್ಲ. “ಸಮಂಜಸವಾದ ಅವಧಿ” ಎಷ್ಟೆಂಬುದು ಸಂದರ್ಭದ ಮೇಲೆ ನಿರ್ಧಾರವಾಗುತ್ತದೆ. ಬಾರ್‌ನ ಕಾರ್ಬನ್ ಪರೀಕ್ಷೆ ಒಂದೆರಡು ದಿನದ ಕೆಲಸ, ಹಾಗಾಗಿ ಎರಡು ತಿಂಗಳು ಸುಮ್ಮನಿದ್ದು ಆಮೇಲೆ ಎದ್ದರೆ ಉಳಿಯುವುದು ಕಷ್ಟ. ನಿಮ್ಮ ಪಿ.ಒ.ದಲ್ಲಿಯೇ “ಮಾಲು ಬಂದ ಹತ್ತು ದಿನದೊಳಗೆ” ಎಂಬಂಥ ಷರತ್ತು ಇದ್ದರೆ ಮೊದಲು ಅದನ್ನು ಪಾಲಿಸಬೇಕು.

ಎರಡನೆಯದು ಹಣದ ಲೆಕ್ಕ. ಸಪ್ಲೈಯರ್ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ಬರುತ್ತದೆ. ಮಾಲು ತಲುಪಿದ 15 ದಿನದೊಳಗೆ ನೀವು ಬರಹದಲ್ಲಿ ಆಕ್ಷೇಪಣೆ ಎತ್ತದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ ಎಂದು ಪರಿಗಣಿಸಿ ಪಾವತಿಯ ಗಡುವು ಅಲ್ಲಿಂದಲೇ ಓಡಲು ಶುರುವಾಗುತ್ತದೆ. ಬರಹದಲ್ಲಿ ಎತ್ತಿದ್ದರೆ, ಸಪ್ಲೈಯರ್ ಆ ಆಕ್ಷೇಪಣೆಯನ್ನು ನಿವಾರಿಸಿದ ದಿನದಿಂದ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 15 ದಿನ ಕಳೆಯಿತೆಂದ ಮಾತ್ರಕ್ಕೆ ತಿರಸ್ಕರಿಸುವ ಹಕ್ಕೇ ಹೋಗುವುದಿಲ್ಲ, ಆದರೆ ಬಡ್ಡಿಯ ತಲೆನೋವು ಅಂಟಿಕೊಳ್ಳುತ್ತದೆ. ಹಾಗಾಗಿ ಲ್ಯಾಬ್ ವರದಿ ತಡವಾದರೂ 15 ದಿನದೊಳಗೆ “ಅನುಮಾನವಿದೆ, ಪರೀಕ್ಷೆಗೆ ಕೊಟ್ಟಿದ್ದೇವೆ, ಅಲ್ಲಿಯವರೆಗೆ ಮಾಲನ್ನು ಒಪ್ಪಿಲ್ಲ” ಎಂದು ಒಂದು ಇಮೇಲ್ ಕಳಿಸಿಬಿಡಿ.

## ಪರೀಕ್ಷೆ ಮತ್ತು ನೋಟಿಸ್

ಬಂದಿರೋದು ಇಎನ್8 ಅಲ್ಲ ಅಂತ ತೋರಿಸೋಕೆ ಯಾವ ಪರೀಕ್ಷೆ ಮಾಡಿಸಬೇಕು? ಎಷ್ಟು ಬಾರ್?

ಮೊದಲು ಗ್ರೈಂಡರ್‌ಗೆ ಹಿಡಿದು ಕಿಡಿ ನೋಡಿ. ಮೈಲ್ಡ್ ಸ್ಟೀಲ್‌ನ ಕಿಡಿ ಉದ್ದಕ್ಕೆ ಗೆರೆಯಾಗಿ ಹೋಗುತ್ತದೆ, ಕವಲು ಕಡಿಮೆ. ಕಾರ್ಬನ್ ಹೆಚ್ಚಿದಂತೆ ಕವಲೊಡೆದು ಹೂ ಹೆಚ್ಚು ಬಿಡುತ್ತದೆ. ಪಕ್ಕದಲ್ಲಿ ಖಚಿತವಾಗಿ ಗೊತ್ತಿರುವ ಇಎನ್8 ತುಂಡೊಂದನ್ನು ಇಟ್ಟುಕೊಂಡು ಹೋಲಿಸಿದರೆ ಅನುಭವಸ್ಥ ಆಪರೇಟರ್ ಅರ್ಧ ದಿನದಲ್ಲಿ 173 ಬಾರನ್ನೂ ವಿಂಗಡಿಸಬಲ್ಲ. ಇದು ವಿಂಗಡಿಸಲಷ್ಟೇ. ಕಿಡಿ ನೋಡಿ ತಿರಸ್ಕರಿಸಿದೆವು ಎಂದು ನೋಟಿಸ್‌ನಲ್ಲಿ ಬರೆದರೆ ನಿಲ್ಲುವುದಿಲ್ಲ.

ನಿಲ್ಲುವುದು ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನ ಸ್ಪೆಕ್ಟ್ರೋ ವರದಿ. ಇಲ್ಲಿ ಎರಡು ಎಡವಟ್ಟುಗಳು ಆಗುತ್ತವೆ. ಮೊದಲನೆಯದು, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್‌ನಲ್ಲಿ ಪರೀಕ್ಷೆ ಮಾಡಿಸುವುದು. ಅದು ಕ್ರೋಮಿಯಂ, ನಿಕ್ಕಲ್, ಮ್ಯಾಂಗನೀಸ್ ಓದುತ್ತದೆ, ಕಾರ್ಬನ್ ಓದುವುದಿಲ್ಲ. ಇಎನ್8ಗೂ ಮೈಲ್ಡ್ ಸ್ಟೀಲ್‌ಗೂ ಮುಖ್ಯ ವ್ಯತ್ಯಾಸವೇ ಕಾರ್ಬನ್ ಆದ್ದರಿಂದ ಆ ವರದಿ ಇಲ್ಲಿ ಕೆಲಸಕ್ಕೆ ಬಾರದು. ಕಿಡಿ ಹಾರಿಸಿ ಬೆಳಕು ಓದುವ ಸ್ಪೆಕ್ಟ್ರೋಮೀಟರ್ ಬೇಕು ಎಂದು ಲ್ಯಾಬ್‌ಗೆ ಹೇಳಿ. ಎರಡನೆಯದು, ಬಾರ್‌ನ ಹೊರಮೈ ಮೇಲೆ ಪರೀಕ್ಷೆ ಮಾಡಿಸುವುದು. ಬಿಸಿಯಾಗಿ ರೋಲ್ ಆಗುವಾಗ ಹೊರಪದರದ ಕಾರ್ಬನ್ ಸ್ವಲ್ಪ ಸುಟ್ಟುಹೋಗಿರಬಹುದು. “ನೀವು ಚರ್ಮ ಓದಿದ್ದೀರಿ, ಒಳಗೆ ಸರಿಯಿದೆ” ಎಂದು ಸಪ್ಲೈಯರ್ ಹೇಳಿದರೆ ಆ ಮಾತಿನಲ್ಲಿ ಹುರುಳಿದೆ. ಆದ್ದರಿಂದ ಬಾರನ್ನು ಅಡ್ಡಕ್ಕೆ ಕತ್ತರಿಸಿ, ಕತ್ತರಿಸಿದ ಮುಖದಲ್ಲಿ ಅಂಚಿಗೂ ನಡುವಿಗೂ ಮಧ್ಯದ ಜಾಗದಲ್ಲಿ ಓದಿಸಿ, ಹಾಗೆ ಓದಿಸಿದ್ದು ವರದಿಯಲ್ಲಿ ಬರೆದಿರಲಿ.

ಎಷ್ಟು ಬಾರ್ ಎಂಬುದಕ್ಕೆ ನಮ್ಮ ಸಲಹೆ: ಪ್ರತಿ ಬಂಡಲ್‌ನಿಂದ ಒಂದು, ಅನುಮಾನದ ಬಂಡಲ್‌ನಿಂದ ಮೂರು. ನಮ್ಮ ಉದಾಹರಣೆಯಲ್ಲಿ ಒಟ್ಟು ಒಂಬತ್ತು ತುಂಡು. ತುಂಡಿನ ಮೇಲೆ ಬಂಡಲ್ ನಂಬರನ್ನು ಪಂಚ್‌ನಲ್ಲಿ ಹೊಡೆಯಿರಿ, ಪೆನ್ನಿನ ಗುರುತು ಕೂಲಂಟ್ ಎಣ್ಣೆಗೆ ಹೋಗಿಬಿಡುತ್ತದೆ. ಒಂದೊಂದು ಬಾರ್‌ನಿಂದ ಅಕ್ಕಪಕ್ಕದ ಮೂರು ತುಂಡು ತೆಗೆಯಿರಿ: ಒಂದು ನಿಮ್ಮ ಲ್ಯಾಬ್‌ಗೆ, ಒಂದು ಸಪ್ಲೈಯರ್‌ಗೆ, ಒಂದು ಮುಂದೆ ಮೂರನೇ ಲ್ಯಾಬ್‌ಗೆ ಬೇಕಾಗಬಹುದೆಂದು ಸೀಲ್ ಮಾಡಿ ಇಡಲು.

ಪಿ.ಒ.ದಲ್ಲಿ ಬರೀ “ಇಎನ್8 ಬ್ರೈಟ್ ಬಾರ್ 25 ಎಂಎಂ” ಅಂತ ಇದೆ. ಕಾರ್ಬನ್ ಎಷ್ಟಿರಬೇಕು ಅಂತ ಬರೆದಿಲ್ಲ. ತಿರಸ್ಕರಿಸಬಹುದಾ?

ಮೈಲ್ಡ್ ಸ್ಟೀಲ್ ಬಂದಿದ್ದರೆ ಖಂಡಿತ. “ಇಎನ್8” ಎಂಬುದೇ ಮಾಲಿನ ವಿವರಣೆ. ವಿವರಣೆಗೆ ತಕ್ಕ ಮಾಲು ಕೊಡಬೇಕೆಂಬುದು ಸರಕು ಮಾರಾಟ ಕಾಯ್ದೆಯ 15ನೇ ಕಲಂ ಪ್ರಕಾರ ಬರೆಯದಿದ್ದರೂ ಇರುವ ಷರತ್ತು. ಕಷ್ಟವಾಗುವುದು ಅಂಚಿನ ಪ್ರಕರಣಗಳಲ್ಲಿ. ಕಾರ್ಬನ್ 0.34 ಬಂದರೆ, ಕರಗಿದ ಲೋಹದ ಪರೀಕ್ಷೆಗೂ ತಯಾರಾದ ಬಾರ್‌ನ ಪರೀಕ್ಷೆಗೂ ಸಣ್ಣ ವ್ಯತ್ಯಾಸವನ್ನು ಸ್ಟ್ಯಾಂಡರ್ಡ್‌ಗಳೇ ಬಿಡುತ್ತವೆ ಎಂದು ಸಪ್ಲೈಯರ್ ವಾದಿಸಬಹುದು, ಅದು ಪೊಳ್ಳು ವಾದವಲ್ಲ. 0.21 ಬಂದರೆ ಆ ವಾದಕ್ಕೆ ಜಾಗವೇ ಇಲ್ಲ. ವ್ಯಾಸದ ವಿಷಯದಲ್ಲಿ ಮಾತ್ರ ಬರೆಯದಿದ್ದರೆ ಸೋಲು ನಿಮ್ಮದೇ. ಎಚ್9 ಎಂಬ ಟಾಲರೆನ್ಸ್ ಬರೆದಿದ್ದರೆ 25 ಮಿ.ಮೀ. ಬಾರ್ 24.948ಕ್ಕಿಂತ ಕಡಿಮೆ ಇರಬಾರದು, 25.000 ಮೀರಬಾರದು. ಬರೆದಿಲ್ಲದಿದ್ದರೆ 25.03 ಬಂದು ಕೊಲೆಟ್‌ಗೆ ಹೋಗದಿದ್ದಾಗ ತೋರಿಸಲು ಆಧಾರ ಇರುವುದಿಲ್ಲ.

ನೋಟಿಸ್‌ನಲ್ಲಿ ಏನೇನು ಇರಬೇಕು? ಒಂದು ಮಾದರಿ ಕೊಡಿ.

ಯಾವ ಮಾಲು, ಒಪ್ಪಿದ್ದು ಏನು, ಬಂದದ್ದು ಏನು, ಹೇಗೆ ಗೊತ್ತಾಯಿತು, ತಿರಸ್ಕರಿಸಿದ್ದೇವೆ ಎಂಬ ನೇರ ಮಾತು, ಮಾಲು ಈಗ ಎಲ್ಲಿದೆ, ಯಾವ ದಿನದೊಳಗೆ ಏನು ಮಾಡಬೇಕು. ಇಷ್ಟು ಸಾಕು. ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಆದರೆ ಅಳತೆ ಮತ್ತು ಗ್ರೇಡ್‌ಗಳನ್ನು ಪಿ.ಒ.ದಲ್ಲಿ ಹೇಗಿವೆಯೋ ಹಾಗೆಯೇ ಎತ್ತಿ ಬರೆಯಿರಿ. ನಮ್ಮ ಉದಾಹರಣೆಗೆ ನೋಟಿಸ್ ಹೀಗಿರುತ್ತದೆ:

> ದಿನಾಂಕ: 9-6-2025
>
> ವಿಷಯ: ಪಿ.ಒ. ಸಂಖ್ಯೆ 118, ನಿಮ್ಮ ಇನ್‌ವಾಯ್ಸ್ ಸಂಖ್ಯೆ 742 – ಎರಡು ಬಂಡಲ್ ಬ್ರೈಟ್ ಬಾರ್ ತಿರಸ್ಕರಿಸಿರುವ ಬಗ್ಗೆ
>
> ಮಾನ್ಯರೇ,
>
> ಮೇಲಿನ ಪಿ.ಒ. ಪ್ರಕಾರ ನೀವು 3-6-2025ರಂದು ಐದು ಬಂಡಲ್‌ಗಳಲ್ಲಿ 173 ಬಾರ್ (2,002 ಕೆ.ಜಿ.) ತಲುಪಿಸಿದ್ದೀರಿ. ಪಿ.ಒ.ದಲ್ಲಿ ಒಪ್ಪಿದ ಗ್ರೇಡ್ ಇಎನ್8, ಕಾರ್ಬನ್ 0.35–0.45%.
>
> 6-6-2025ರಂದು ಐದೂ ಬಂಡಲ್‌ಗಳಿಂದ ಮಾದರಿ ತೆಗೆದು ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್‌ನಲ್ಲಿ ಪರೀಕ್ಷಿಸಿದ್ದೇವೆ. 1, 2 ಮತ್ತು 3ನೇ ಬಂಡಲ್ (105 ಬಾರ್, 1,215 ಕೆ.ಜಿ.) ಪಿ.ಒ.ಗೆ ಅನುಗುಣವಾಗಿವೆ. 4 ಮತ್ತು 5ನೇ ಬಂಡಲ್‌ನ (68 ಬಾರ್, 787 ಕೆ.ಜಿ.) ಆರು ಮಾದರಿಗಳಲ್ಲಿ ಕಾರ್ಬನ್ 0.20ರಿಂದ 0.22% ಇದೆ. ಈ ಎರಡು ಬಂಡಲ್‌ಗಳಿಗೆ ಹೀಟ್ ನಂಬರ್‌ನ ಟ್ಯಾಗ್ ಇರಲಿಲ್ಲ. ವರದಿ ಮತ್ತು ಫೋಟೋಗಳನ್ನು ಲಗತ್ತಿಸಿದೆ.
>
> ಆದ್ದರಿಂದ 4 ಮತ್ತು 5ನೇ ಬಂಡಲ್‌ಗಳನ್ನು ಈ ಪತ್ರದ ಮೂಲಕ ತಿರಸ್ಕರಿಸಿದ್ದೇವೆ. ಉಳಿದ ಮೂರನ್ನು ಮಾತ್ರ ಸ್ವೀಕರಿಸಿದ್ದೇವೆ. ಅವುಗಳ ಮೊತ್ತ ಜಿಎಸ್‌ಟಿ ಸೇರಿ ರೂ. 1,14,696 ಅನ್ನು ಒಪ್ಪಿದ ಗಡುವಿನಲ್ಲಿ ಪಾವತಿಸುತ್ತೇವೆ. ತಿರಸ್ಕರಿಸಿದ ಮಾಲಿನ ಮೊತ್ತ ರೂ. 74,292.80 ನಮ್ಮಿಂದ ಬಾಕಿ ಇರುವುದಿಲ್ಲ.
>
> ತಿರಸ್ಕರಿಸಿದ ಮಾಲನ್ನು ನಿಮ್ಮ ಪರವಾಗಿ ಪ್ರತ್ಯೇಕವಾಗಿ ಇರಿಸಿದ್ದೇವೆ. ಕೆಲಸದ ದಿನಗಳಲ್ಲಿ ಬಂದು ಪರಿಶೀಲಿಸಬಹುದು, ಮಾದರಿಯ ತುಂಡನ್ನೂ ಒಯ್ಯಬಹುದು. 16-6-2025ರೊಳಗೆ ಮಾಲನ್ನು ನಿಮ್ಮ ಖರ್ಚಿನಲ್ಲಿ ಹಿಂದಕ್ಕೆ ಪಡೆದು, 787 ಕೆ.ಜಿ. ಬದಲಿ ಮಾಲನ್ನು ಹೀಟ್ ನಂಬರ್ ಇರುವ ಟೆಸ್ಟ್ ಸರ್ಟಿಫಿಕೇಟ್ ಜೊತೆ ಪೂರೈಸಿ. ತಪ್ಪಿದಲ್ಲಿ ಅಷ್ಟು ಮಾಲನ್ನು ಬೇರೆಡೆ ಖರೀದಿಸಿ, ಬೆಲೆಯ ವ್ಯತ್ಯಾಸವನ್ನು ನಿಮ್ಮಿಂದ ವಸೂಲು ಮಾಡುವ ಹಕ್ಕನ್ನು ಉಳಿಸಿಕೊಂಡಿದ್ದೇವೆ.
>
> ಇತಿ, (ಸಹಿ, ಹೆಸರು, ಹುದ್ದೆ, ಘಟಕದ ಸೀಲ್)

“ದಯವಿಟ್ಟು ಸರಿಪಡಿಸಿ”, “ಪರಿಗಣಿಸಿ” ಎಂಬ ಪದಗಳಷ್ಟೇ ಇದ್ದರೆ ಅದು ವಿನಂತಿಯಾಗುತ್ತದೆ. ಹಾಗೆಂದು “ಮೋಸ”, “ಕಳ್ಳ ಮಾಲು” ಎಂದೆಲ್ಲ ಬರೆಯುವುದೂ ಬೇಡ. ಮೋಸವನ್ನು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬರುತ್ತದೆ, ತಿರಸ್ಕರಿಸಲು ಅದರ ಅಗತ್ಯವೂ ಇಲ್ಲ.

ಬಂದಿದ್ದರಲ್ಲಿ ಒಳ್ಳೇದನ್ನ ಇಟ್ಕೊಂಡು ಕೆಟ್ಟದ್ದನ್ನ ಮಾತ್ರ ವಾಪಸ್ ಮಾಡಬಹುದಾ, ಇಲ್ಲಾ ಪೂರ್ತಿ ಲೋಡ್ ವಾಪಸ್ ಮಾಡಬೇಕಾ?

ಬೇರೆ ವಿವರಣೆಯ ಮಾಲು ಬೆರೆತು ಬಂದಾಗ ಎರಡೂ ದಾರಿ ಇವೆ ಎಂದು 37ನೇ ಕಲಂ ಹೇಳುತ್ತದೆ. ತಕ್ಕುದನ್ನು ಸ್ವೀಕರಿಸಿ ಉಳಿದದ್ದನ್ನು ಬಿಡಬಹುದು, ಅಥವಾ ಪೂರ್ತಿ ಬಿಡಬಹುದು. ಬಂಡಲ್‌ಗಳು ಬೇರೆ ಬೇರೆ ಗುರುತಾಗಿ ಉಳಿದಿದ್ದರೆ ಮೊದಲ ದಾರಿ ವ್ಯಾಪಾರಕ್ಕೆ ಒಳ್ಳೆಯದು. ಒಂದೇ ಬಂಡಲ್‌ನೊಳಗೆ ಎರಡೂ ಕಲಸಿದ್ದರೆ ಪೂರ್ತಿ ಬಿಡಿ. ವಿಂಗಡಿಸುವಾಗ ಕಣ್ತಪ್ಪಿದ ಒಂದು ಬಾರ್ ಮುಂದೆ ಗಿರಾಕಿಯ ಅಸೆಂಬ್ಲಿಯಲ್ಲಿ ಸಿಗುತ್ತದೆ.

## ಮಾಲು ಇನ್ನೂ ನಮ್ಮಲ್ಲೇ ಇರುವಾಗ

ಪರೀಕ್ಷೆ ಆಗೋ ಮೊದಲೇ ಕೆಲವು ಬಾರ್ ಮಷೀನ್‌ಗೆ ಹಾಕಿಬಿಟ್ಟಿದ್ವಿ. ಈಗ?

ಮಾದರಿಗೆಂದು ತುಂಡು ಕತ್ತರಿಸುವುದು ಪರೀಕ್ಷೆಯ ಭಾಗ, ಅದಕ್ಕೆ ಹೆದರಬೇಕಿಲ್ಲ. ಉತ್ಪಾದನೆಗೆ ಹಾಕಿದ್ದು ಬೇರೆ ಮಾತು. ಮಾರಿದವನ ಒಡೆತನಕ್ಕೆ ಹೊಂದದ ಕೆಲಸ ಮಾಡಿದರೆ ಒಪ್ಪಿಕೊಂಡ ಹಾಗೆ ಎಂದು 42ನೇ ಕಲಂ ಎಣಿಸುತ್ತದೆ. ಒಪ್ಪಿಕೊಂಡ ಮಾಲಿನ ಮಟ್ಟಿಗೆ ತಿರಸ್ಕರಿಸುವ ಹಕ್ಕು ಹೋಗಿ, 59ನೇ ಕಲಂ ಪ್ರಕಾರ ಬೆಲೆ ತಗ್ಗಿಸಿಕೊಳ್ಳುವ ಅಥವಾ ನಷ್ಟ ಕೇಳುವ ಹಕ್ಕು ಉಳಿಯುತ್ತದೆ.

ಹಾಗಾಗಿ ಗೊತ್ತಾದ ಕ್ಷಣವೇ ಮಷೀನ್ ನಿಲ್ಲಿಸಿ, ಎಷ್ಟು ಬಾರ್ ಬಳಕೆಯಾಯಿತೆಂದು ಬರೆದಿಡಿ. ನೋಟಿಸ್‌ನಲ್ಲಿ ಎರಡು ಭಾಗ ಮಾಡಿ: ಮುಟ್ಟದ ಬಾರ್‌ಗಳನ್ನು ತಿರಸ್ಕರಿಸಿದ್ದೇವೆ, ಬಳಸಿದ ಬಾರ್‌ಗಳಿಗೆ ನಷ್ಟ ಕೇಳುತ್ತೇವೆ. ಗೊತ್ತಾದ ಮೇಲೂ “ಡಿಸ್ಪ್ಯಾಚ್ ಅರ್ಜೆಂಟ್ ಇತ್ತು” ಎಂದು ಓಡಿಸಿದರೆ ಮುಟ್ಟದ ಮಾಲಿನ ಮೇಲಿನ ಹಕ್ಕೂ ಅಲುಗಾಡುತ್ತದೆ. ಇಂಡಕ್ಷನ್ ಹಾರ್ಡನಿಂಗ್ ಮಾಡಿಕೊಡುವವರು “ಹಾರ್ಡ್‌ನೆಸ್ ಏರುತ್ತಿಲ್ಲ” ಎಂದಾಗಲೇ ಹಲವು ಘಟಕಗಳಿಗೆ ವಿಷಯ ತಿಳಿಯುವುದು. ಆ ದಿನದ ಅವರ ವರದಿಯನ್ನೂ ಬರಹದಲ್ಲಿ ಪಡೆದುಕೊಳ್ಳಿ. ತಡವಾಗಿ ತಿಳಿದದ್ದಕ್ಕೆ ಕಾರಣ ತೋರಿಸಲು ಅದು ಬೇಕಾಗುತ್ತದೆ.

ಸಪ್ಲೈಯರ್ ಗಾಡಿ ಕಳಿಸ್ತಾನೇ ಇಲ್ಲ. ನಾವೇ ಬಾಡಿಗೆ ಕೊಟ್ಟು ವಾಪಸ್ ಕಳಿಸಬೇಕಾ? ಗುಜರಿಗೆ ಮಾರಿಬಿಡಲಾ?

ಬೇರೆ ಒಪ್ಪಂದ ಇಲ್ಲದಿದ್ದರೆ ವಾಪಸ್ ಕಳಿಸುವ ಹೊಣೆ ನಿಮ್ಮದಲ್ಲ. ಸ್ವೀಕರಿಸುವುದಿಲ್ಲ ಎಂದು ತಿಳಿಸಿದರೆ ಸಾಕು ಎನ್ನುತ್ತದೆ 43ನೇ ಕಲಂ. ಆದರೆ ಮಾಲು ಅವರದ್ದು, ಕಾಯುತ್ತಿರುವವರು ನೀವು. ಗುಜರಿಗೆ ಹಾಕಿದರೆ ಒಡೆಯನಂತೆ ನಡೆದುಕೊಂಡ ಹಾಗಾಯಿತು, ನೋಟಿಸ್‌ನ ಬಲವೇ ಹೋಗುತ್ತದೆ. ಬ್ರೈಟ್ ಬಾರ್‌ಗೆ ಮಳೆಗಾಲದಲ್ಲಿ ಬೇಗ ತುಕ್ಕು ಹತ್ತುತ್ತದೆ. ನೆಲದಿಂದ ಎತ್ತರಿಸಿ ಮರದ ತುಂಡುಗಳ ಮೇಲಿಟ್ಟು, ತುಕ್ಕುನಿರೋಧಕ ಎಣ್ಣೆ ಸವರಿ, ಕೆಂಪು ಟ್ಯಾಗ್ ಕಟ್ಟಿ, ಫೋಟೋ ತೆಗೆದಿಡಿ. ಇಲ್ಲದಿದ್ದರೆ “ತುಕ್ಕು ಹಿಡಿಸಿದವರು ನೀವೇ” ಎಂಬ ಹೊಸ ಜಗಳ ಶುರುವಾಗುತ್ತದೆ.

ಜಿಎಸ್‌ಟಿ ಇನ್‌ವಾಯ್ಸ್ ಆಗಲೇ ಪೋರ್ಟಲ್‌ನಲ್ಲಿ ಬಂದಿದೆ. ಏನು ಮಾಡೋದು?

ಪೋರ್ಟಲ್‌ನ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂ ಆದ ಐಎಂಎಸ್‌ನಲ್ಲಿ ಪೂರ್ತಿ ಇನ್‌ವಾಯ್ಸನ್ನು ರಿಜೆಕ್ಟ್ ಮಾಡಬೇಡಿ. ಮಾಡಿದರೆ ನೀವು ಸ್ವೀಕರಿಸಿದ ಮೂರು ಬಂಡಲ್‌ಗಳ ಕ್ರೆಡಿಟ್ ಕೂಡ ಹೋಗುತ್ತದೆ. ಸಪ್ಲೈಯರ್‌ನಿಂದ ಜಿಎಸ್‌ಟಿ ಕಾಯ್ದೆಯ 34ನೇ ಕಲಂ ಅಡಿ ಕ್ರೆಡಿಟ್ ನೋಟ್ ಕೇಳಿ: ತೆರಿಗೆ ಮೌಲ್ಯ ರೂ. 62,960, ತೆರಿಗೆ ರೂ. 11,332.80. ಅಷ್ಟು ತೆರಿಗೆಯ ಕ್ರೆಡಿಟ್ ತೆಗೆದುಕೊಂಡಿದ್ದರೆ ನೀವು ಹಿಂದಕ್ಕೆ ಕೊಡಬೇಕು. ಸಪ್ಲೈಯರ್ ತನ್ನ ತೆರಿಗೆ ಕಡಿಮೆ ಮಾಡಿಕೊಳ್ಳಲು ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30 ಕೊನೆಯ ಗಡುವು, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದ್ದರೆ ಆ ದಿನವೇ ಕೊನೆ. ಮಾಲು ವಾಪಸ್ ಹೋಗುವಾಗ ಮೌಲ್ಯ 50,000 ರೂಪಾಯಿ ದಾಟಿರುವುದರಿಂದ ಇ-ವೇ ಬಿಲ್ ಬೇಕು, ಜೊತೆಗಿನ ಚಲನ್‌ನಲ್ಲಿ ನೋಟಿಸ್‌ನ ದಿನಾಂಕ ಬರೆಯಿರಿ.

## ಜಗಳ ಮುಂದುವರಿದರೆ

“ನಮ್ಮ ಟಿಸಿಯಲ್ಲಿ ಕಾರ್ಬನ್ 0.41 ಇದೆ, ನಿಮ್ಮ ಲ್ಯಾಬ್ ತಪ್ಪು” ಅಂತಾರೆ. ಏನು ಹೇಳೋದು?

ಟಿಸಿ, ಅಂದರೆ ಟೆಸ್ಟ್ ಸರ್ಟಿಫಿಕೇಟ್, ಒಂದು ಹೀಟ್‌ನ, ಅಂದರೆ ಒಮ್ಮೆಗೆ ಕರಗಿಸಿದ ಲೋಹದ ಬಗ್ಗೆ ಮಾತಾಡುತ್ತದೆ, ನಿಮ್ಮ ಅಂಗಳದಲ್ಲಿರುವ ಬಾರ್‌ನ ಬಗ್ಗೆ ಅಲ್ಲ. ಎರಡನ್ನೂ ಕಟ್ಟಿಹಾಕುವುದು ಹೀಟ್ ನಂಬರ್ ಇರುವ ಟ್ಯಾಗ್. ಅದು ಆ ಎರಡು ಬಂಡಲ್‌ಗಳಲ್ಲಿ ಇಲ್ಲ ಎಂದಾದರೆ ಟಿಸಿ ಬೇರೆ ಯಾವುದೋ ಬಾರ್‌ನದ್ದಿರಬಹುದು. ಆದರೂ ವಾದ ಬೆಳೆಸುವುದಕ್ಕಿಂತ ಸೀಲ್ ಮಾಡಿಟ್ಟ ಮೂರನೇ ತುಂಡನ್ನು ಇಬ್ಬರೂ ಒಪ್ಪುವ ಲ್ಯಾಬ್‌ಗೆ, ಇಬ್ಬರ ಸಹಿಯೊಂದಿಗೆ ಕಳಿಸಲು ಹೇಳಿ. ಅದರ ಫಲಿತಾಂಶಕ್ಕೆ ಬದ್ಧ, ಸೋತವರು ಶುಲ್ಕ ಕೊಡಬೇಕು ಎಂದು ಮೊದಲೇ ಇಮೇಲ್‌ನಲ್ಲಿ ಒಪ್ಪಿಸಿಕೊಳ್ಳಿ. ಏಳು ದಿನದಲ್ಲಿ ಉತ್ತರ ಬರದಿದ್ದರೆ, ಆ ಮೌನವೂ ನಿಮ್ಮ ಫೈಲಿಗೆ ಒಂದು ಕಾಗದವೇ.

“ಕೆ.ಜಿ.ಗೆ ಹತ್ತು ರೂಪಾಯಿ ಕಡಿಮೆ ಮಾಡ್ತೀನಿ, ಇಟ್ಕೊಳ್ಳಿ” ಅಂದ್ರೆ?

ಆ ಬಾರ್‌ಗೆ ನಿಮ್ಮಲ್ಲಿ ಬೇರೆ ಕೆಲಸ ಇದ್ದರೆ ಸರಿ. ಗಟ್ಟಿ ಮಾಡಬೇಕಾಗಿಲ್ಲದ ಪಿನ್ನು, ಸ್ಪೇಸರ್‌ಗಳಿಗೆ ಮೈಲ್ಡ್ ಸ್ಟೀಲ್ ಸಾಕು. ಹಾಗಿದ್ದರೆ ಮೈಲ್ಡ್ ಸ್ಟೀಲ್‌ನ ದರಕ್ಕೇ ಕೊಳ್ಳಿ, ಇಎನ್8 ದರದಲ್ಲಿ ರಿಯಾಯಿತಿ ಬೇಡ. ಒಪ್ಪಿದ ದಿನ “ಈ ಒಂದು ಲಾಟ್‌ಗೆ ಮಾತ್ರ, ಮುಂದಿನ ಪೂರೈಕೆಗೆ ಅನ್ವಯಿಸದು” ಎಂದು ಬರೆದು ತಿರಸ್ಕಾರದ ನೋಟಿಸ್ ಹಿಂಪಡೆಯಿರಿ, ಬಾರ್‌ಗಳ ಎರಡೂ ತುದಿಗೆ ಬೇರೆ ಬಣ್ಣ ಬಳಿಯಿರಿ. ಶಾಫ್ಟ್‌ಗೇ ಬಳಸುವ ಯೋಚನೆ ಇದ್ದರೆ ಗಿರಾಕಿಯ ಬರಹದ ಒಪ್ಪಿಗೆ ಇಲ್ಲದೆ ಮುಟ್ಟಲೇಬೇಡಿ.

ಸಪ್ಲೈಯರ್ ಎಂಎಸ್‌ಎಂಇ ಕೌನ್ಸಿಲ್‌ಗೆ ಹೋಗಿದ್ದಾರೆ. ನೋಟಿಸ್ ಅಲ್ಲಿ ಉಪಯೋಗಕ್ಕೆ ಬರುತ್ತಾ?

ಅಲ್ಲಿಯೇ ಹೆಚ್ಚು ಉಪಯೋಗ. ಫೆಸಿಲಿಟೇಷನ್ ಕೌನ್ಸಿಲ್ ಮೊದಲು ರಾಜಿ ಮಾಡಿಸಲು ನೋಡುತ್ತದೆ, ಆಗದಿದ್ದರೆ ವಿಷಯ ಮಧ್ಯಸ್ಥಿಕೆಗೆ ಹೋಗುತ್ತದೆ. 15 ದಿನದೊಳಗಿನ ಬರಹದ ಆಕ್ಷೇಪಣೆ, ವರದಿ, ಒಪ್ಪಿದ ಬಂಡಲ್‌ಗಳ ಹಣ ಕೊಟ್ಟ ರಸೀದಿ ಈ ಮೂರನ್ನೂ ಮೊದಲ ಉತ್ತರದಲ್ಲೇ ಸಲ್ಲಿಸಿ. ಕರೆಗೆ ಹೋಗದೆ ಕೂತರೆ ದುಬಾರಿಯಾಗುತ್ತದೆ: ಆದೇಶ ವಿರುದ್ಧ ಬಂದು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಕೊಂಡವರು ಮೊತ್ತದ 75 ಶೇಕಡಾ ಮೊದಲೇ ಠೇವಣಿ ಇಡಬೇಕು ಎನ್ನುತ್ತದೆ ಎಂಎಸ್‌ಎಂಇಡಿ ಕಾಯ್ದೆಯ 19ನೇ ಕಲಂ. ಸರಿಯಿದ್ದ 1,215 ಕೆ.ಜಿ.ಯ ಹಣವನ್ನೂ ಸಿಟ್ಟಿನಲ್ಲಿ ತಡೆಹಿಡಿದಿದ್ದರೆ ಅಷ್ಟಕ್ಕೆ ಬಡ್ಡಿ ಬೀಳುವುದು ನ್ಯಾಯವೇ.

ಬೇರೆ ಕಡೆ ಹೆಚ್ಚು ರೇಟ್ ಕೊಟ್ಟು ಕೊಂಡ್ವಿ, ನಮ್ಮ ಗಿರಾಕಿ ಲೇಟ್ ಅಂತ ದಂಡಾನೂ ಹಾಕಿದ್ರು. ಎಲ್ಲಾ ವಸೂಲು ಮಾಡಬಹುದಾ?

ಬೆಲೆಯ ವ್ಯತ್ಯಾಸ ಸುಲಭ. ಕೆ.ಜಿ.ಗೆ 88ರಂತೆ 787 ಕೆ.ಜಿ. ಕೊಂಡಿದ್ದರೆ ವ್ಯತ್ಯಾಸ ರೂ. 6,296. ಗಡುವು ಮುಗಿದ ಮೇಲೆ, ಅದೇ ಗ್ರೇಡ್, ಅಷ್ಟೇ ತೂಕ, ಮಾರುಕಟ್ಟೆ ದರದಲ್ಲಿ ಕೊಂಡಿರಬೇಕು. ಎರಡು ಮೂರು ಕಡೆಯ ಕೊಟೇಶನ್ ಇಟ್ಟುಕೊಳ್ಳಿ. ಗಿರಾಕಿ ಹಾಕಿದ ದಂಡದ ಕಥೆ ಬೇರೆ. ಒಪ್ಪಂದ ಮುರಿದಾಗ ಸಹಜವಾಗಿ ಆಗುವ ನಷ್ಟವನ್ನು, ಇಲ್ಲವೇ ಒಪ್ಪಂದ ಮಾಡಿಕೊಳ್ಳುವಾಗಲೇ ಇಬ್ಬರಿಗೂ ತಿಳಿದಿದ್ದ ನಷ್ಟವನ್ನು ಮಾತ್ರ 1872ರ ಕರಾರು ಕಾಯ್ದೆಯ 73ನೇ ಕಲಂ ಕೊಡಿಸುತ್ತದೆ, ದೂರದ ನಷ್ಟವನ್ನಲ್ಲ. “ಈ ಮಾಲು ಇಂಥ ದಿನಾಂಕದ ಶಾಫ್ಟ್ ಆರ್ಡರ್‌ಗೆ, ತಡವಾದರೆ ವಾರಕ್ಕೆ ಇಷ್ಟು ದಂಡ” ಎಂದು ಪಿ.ಒ.ದಲ್ಲಿ ಬರೆದಿದ್ದರೆ ಕೇಳಲು ಆಧಾರವಿದೆ. ಬರೆದಿಲ್ಲದಿದ್ದರೆ ಆ ಬಾಬತ್ತನ್ನು ಬಿಟ್ಟು, ಲ್ಯಾಬ್ ಶುಲ್ಕ, ಬೆಲೆ ವ್ಯತ್ಯಾಸ ಮತ್ತು ಹಾಳಾದ ತುಂಡುಗಳ ಮೇಲೆ ಮಾಡಿದ ಮಷೀನಿಂಗ್ ಖರ್ಚನ್ನು ಡೆಬಿಟ್ ನೋಟ್‌ನಲ್ಲಿ ಬಿಡಿಬಿಡಿಯಾಗಿ ತೋರಿಸಿ ಕೇಳಿ.